ಇಂಗ್ಲಿಷಿನಲ್ಲಿ ಹೊಗಳಿದರೆ ಏನೆಂದು ಉತ್ತರಿಸಬೇಕು?

ಬೆಂಗಳೂರಿನ ಕಚೇರಿಯೊಂದರಲ್ಲಿ ಉದ್ಯೋಗಿಯೊಬ್ಬರು ವಿಡಿಯೊ ಕರೆಯಲ್ಲಿ ಡೆಮೊ ಕೊಟ್ಟು ಮುಗಿಸಿದ್ದಾರೆ ಎಂದುಕೊಳ್ಳೋಣ. ಅಮೆರಿಕದ ಸಹೋದ್ಯೋಗಿ ‘ದಟ್ ಡೆಮೊ ವಾಸ್ ರಿಯಲಿ ಕ್ಲಿಯರ್’ ಎನ್ನುತ್ತಾರೆ. ಇವರು ‘ನೋ, ನೋ, ಇಟ್ ವಾಸ್ ನಥಿಂಗ್, ಐ ಮೇಡ್ ಸೋ ಮೆನಿ ಮಿಸ್ಟೇಕ್ಸ್’ ಎನ್ನುತ್ತಾರೆ. ‘ಅಯ್ಯೋ, ಅದೇನು ಮಹಾ ಬಿಡಿ’ ಎಂಬುದು ಸಂಕೋಚದ ಮಾತೆಂದು ನಮ್ಮವರಿಗೆ ಗೊತ್ತು. ಆದರೆ ಆ ಸಹೋದ್ಯೋಗಿಗೆ ತಮ್ಮ ಅಭಿಪ್ರಾಯವನ್ನೇ ತಳ್ಳಿಹಾಕಿದಂತೆ, ಇಲ್ಲವೇ ಡೆಮೊದಲ್ಲಿ ತಮ್ಮ ಕಣ್ಣಿಗೆ ಬೀಳದ ದೋಷವೇನೋ ಇದ್ದಂತೆ ಕೇಳಿಸಬಹುದು. ಅವರು ‘ನೋ, ರಿಯಲಿ, ಇಟ್ ವಾಸ್ ಗುಡ್’ ಎಂದು ಸಮಜಾಯಿಷಿ ಕೊಡತೊಡಗಿದರೆ ನಮ್ಮ ವಿನಯ ಅತಿಯಾಯಿತೆಂದೇ ತಿಳಿಯಬೇಕು.

ಹೊಗಳಿದವರ ಮಾತನ್ನು ಒಪ್ಪಬೇಕು, ಆದರೆ ತನ್ನನ್ನು ತಾನೇ ಹೊಗಳಿಕೊಳ್ಳಬಾರದು ಎಂಬ ಇಕ್ಕಟ್ಟು ಇಂಗ್ಲಿಷ್ ಮಾತೃಭಾಷೆಯವರಿಗೂ ಇದೆ. ಸಂಭಾಷಣೆಯನ್ನು ಅಧ್ಯಯನ ಮಾಡಿದ ಅನೀಟಾ ಪೊಮೆರಾಂಟ್ಸ್ 1978ರಲ್ಲಿಯೇ ಇದನ್ನು ಗುರುತಿಸಿದ್ದರು. ಇದರಿಂದ ಪಾರಾಗುವ ಸುಲಭ ದಾರಿಯೆಂದರೆ, ಮೊದಲು ‘ಥ್ಯಾಂಕ್ ಯು’ ಎಂದು ಹೇಳಿ, ಅದರ ಬೆನ್ನಿಗೇ ಹೊಗಳಿಕೆಗೆ ಪಾತ್ರವಾದ ಸಂಗತಿಯ ಬಗ್ಗೆ ಒಂದು ನಿಜವಾದ ವಿವರ ಸೇರಿಸುವುದು. ‘ಥ್ಯಾಂಕ್ ಯು, ದ ಲಾಸ್ಟ್ ಪಾರ್ಟ್ ಟುಕ್ ಸಮ್ ವರ್ಕ್’ ಎಂದರೆ ಸಾಕು. ಬೇರೆಯವರು ನೆರವಾಗಿದ್ದರೆ ‘ದ ಟೆಸ್ಟಿಂಗ್ ಟೀಮ್ ಹೆಲ್ಪ್ಡ್ ಅ ಲಾಟ್’ ಎನ್ನಬಹುದು. ಯಾರೂ ನೆರವಾಗದಿದ್ದರೆ ಶ್ರೇಯವನ್ನು ಹಂಚುವ ಅಗತ್ಯವಿಲ್ಲ. ನಂತರ ‘ವಾಸ್ ದ ಚಾರ್ಟ್ ಈಸಿ ಟು ರೀಡ್?’ ಎಂದು ಕೇಳಿದರೆ ಮಾತು ಕೆಲಸದತ್ತ ಹೊರಳುತ್ತದೆ. ಉಟ್ಟ ಸೀರೆಯನ್ನು ಮೆಚ್ಚಿದವರಿಗೆ ‘ಥ್ಯಾಂಕ್ಸ್, ಇಟ್ ವಾಸ್ ಮೈ ಮದರ್ಸ್’ ಎಂದರೂ ಇದೇ ಕ್ರಮ. ಆ ಕ್ಷಣವೇ ‘ಯುವರ್ಸ್ ಈಸ್ ಆಲ್ಸೋ ನೈಸ್’ ಎಂದು ಮುಯ್ಯಿ ತೀರಿಸುವುದು ಮಾತ್ರ ಬೇಡ. ಅದು ಬಾಯಿಮಾತಿನ ಮರುಪಾವತಿಯಂತೆ ಕೇಳಿಸುತ್ತದೆ.

ಹೊಗಳುವಾಗಲೂ ಅಲಂಕಾರದ ಮಾತುಗಳು ಬೇಕಾಗಿಲ್ಲ. ಅಮೆರಿಕನ್ನರ ಹೊಗಳಿಕೆಗಳನ್ನು ಸಂಗ್ರಹಿಸಿ ಅಭ್ಯಸಿಸಿದ ಜೋನ್ ಮೇನ್ಸ್ ಮತ್ತು ನೆಸ್ಸಾ ವುಲ್ಫ್‌ಸನ್ ಅವರಿಗೆ ಕಂಡದ್ದು, ಬಹುಪಾಲು ಹೊಗಳಿಕೆಗಳು ‘ದಿಸ್ ಲುಕ್ಸ್ ಗ್ರೇಟ್’, ‘ಐ ರಿಯಲಿ ಲೈಕ್ ಯುವರ್ ಬ್ಯಾಗ್’ ಎಂಬಂತಹ ಬೆರಳೆಣಿಕೆಯ ಅಚ್ಚುಗಳಲ್ಲೇ ಇರುತ್ತವೆ ಎಂಬುದು. ಇಂತಹ ವಾಕ್ಯಕ್ಕೆ ನಿಮಗೆ ಹಿಡಿಸಿದ ಒಂದು ಅಂಶವನ್ನು ಜೋಡಿಸಿದರೆ ಅದು ನಿಮ್ಮದೇ ಮಾತಾಗುತ್ತದೆ: ‘ಐ ಲೈಕ್ಡ್ ದ ವೇ ಯು ಆನ್ಸರ್ಡ್ ದಟ್ ಲಾಸ್ಟ್ ಕ್ವೆಶ್ಚನ್.’ ಮೈಬಣ್ಣ, ತೂಕಗಳ ಮಾತು ಬೇಡ; ‘ಸಣ್ಣ ಆಗಿದ್ದೀರಿ’ ಎಂಬ ನಮ್ಮ ಮೆಚ್ಚುಗೆ ಅಲ್ಲಿ ಮುಜುಗರ ತರಬಹುದು. ಬ್ಯಾಗನ್ನು ಮೆಚ್ಚಿದ ಉಸಿರಿನಲ್ಲೇ ಅದರ ಬೆಲೆ ಕೇಳುವುದೂ ಹಾಗೆಯೇ.

ಬ್ರಿಟಿಷರ ನಡುವೆ ಈ ಲೆಕ್ಕ ತುಸು ಬೇರೆ. ಕೋಟನ್ನು ಮೆಚ್ಚಿದಾಗ ‘ಓಹ್, ದಿಸ್ ಓಲ್ಡ್ ಥಿಂಗ್?’ ಎಂದು ನಕ್ಕು ತೇಲಿಸುವುದು ಅಲ್ಲಿ ಸಹಜ, ಅವರ ಬಾಯಲ್ಲಿ ‘ನಾಟ್ ಬ್ಯಾಡ್’ ಎಂಬುದೇ ಒಳ್ಳೆಯ ಹೊಗಳಿಕೆಯಾಗಿರಬಹುದು. ಆದರೆ ಆ ತೇಲಿಸುವಿಕೆಯೂ ನಗುವಿನೊಂದಿಗೆ ಒಂದೇ ಸಲಕ್ಕೆ ಮುಗಿಯುತ್ತದೆ. ಎದುರಿನವರು ಮತ್ತೆ ಮೆಚ್ಚಿದರೆ ಅವರೂ ‘ಥ್ಯಾಂಕ್ಸ್’ ಎಂದು ಒಪ್ಪಿಕೊಳ್ಳುತ್ತಾರೆ.