ಅಮೆರಿಕದ ಲ್ಯಾಪ್‌ಟಾಪಿಗೆ ಮನೆಯ ವೈಫೈ ಕಾಣದಿದ್ದರೆ

ಅಮೆರಿಕದಿಂದ ಬಂದ ಮಗಳ ಲ್ಯಾಪ್‌ಟಾಪಿಗೆ ಮೈಸೂರಿನ ಮನೆಯ ವೈಫೈ ಕಾಣುವುದೇ ಇಲ್ಲ. ಪಕ್ಕದ ಮನೆಯದು ಕಾಣುತ್ತದೆ. ಅದೇ ಕೋಣೆಯಲ್ಲಿರುವ ಅಪ್ಪನ ಫೋನಿಗೆ ಮನೆಯದೂ ಸಿಗುತ್ತದೆ. ಹೀಗಾದರೆ ಲ್ಯಾಪ್‌ಟಾಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ರೂಟರ್ ಯಾವ ಚಾನೆಲ್‌ನಲ್ಲಿದೆ ನೋಡಿ.

ರೂಟರ್‌ನ ಸೆಟಿಂಗ್ಸ್ ಪುಟದಲ್ಲಿ 2.4 ಗಿಗಾಹರ್ಟ್ಸ್ ವೈರ್‌ಲೆಸ್ ವಿಭಾಗ ತೆರೆಯಿರಿ. ಚಾನೆಲ್ ‘ಆಟೋ’ ಎಂದಿದ್ದರೆ ಸದ್ಯ ಬಳಸುತ್ತಿರುವ ಸಂಖ್ಯೆ ಸ್ಟೇಟಸ್ ಪುಟದಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದು 12 ಅಥವಾ 13 ಆಗಿದ್ದರೆ ಕಾರಣ ಬಹುಪಾಲು ಸಿಕ್ಕ ಹಾಗೆಯೇ.

ಭಾರತದಲ್ಲಿ 2.4 ಗಿಗಾಹರ್ಟ್ಸ್‌ನ 1ರಿಂದ 13ರವರೆಗಿನ ಚಾನೆಲ್‌ಗಳನ್ನು ಬಳಸಬಹುದು. ಅಮೆರಿಕದ ಸಾಧನಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಅಲ್ಲಿ 2483.5 ಮೆಗಾಹರ್ಟ್ಸ್‌ನ ಆಚೆಗೆ ವೈಫೈ ಸಿಗ್ನಲ್ ಸೋರುವುದಕ್ಕೆ ಬಹಳ ಬಿಗಿಯಾದ ಮಿತಿಯಿದೆ. ಆ ಜಾಗವನ್ನು ಉಪಗ್ರಹ ಫೋನ್‌ಗಳು ಬಳಸುತ್ತವೆ. 13ನೇ ಚಾನೆಲ್ ಸುಮಾರು 2462ರಿಂದ 2482ರವರೆಗೆ ಹರಡುವುದರಿಂದ ಅದು ಅಂಚಿಗೆ ತಾಗಿಕೊಂಡೇ ಇದೆ. ಹಾಗಾಗಿ ತಯಾರಕರು ಕೊನೆಯ ಎರಡನ್ನು ಮುಚ್ಚಿಬಿಡುತ್ತಾರೆ. ರೇಡಿಯೊ ಚಿಪ್‌ಗೆ ಆ ಚಾನೆಲ್ ಹಿಡಿಯುವ ಶಕ್ತಿ ಇದ್ದೇ ಇರುತ್ತದೆ. ತಡೆಯುವುದು ಸಾಧನದಲ್ಲಿ ಹಾಕಿರುವ ದೇಶದ ಕೋಡ್. ರೂಟರ್ ಮೊದಲ ಸಲ ಆನ್ ಮಾಡಿದಾಗ ‘ದೇಶ ಯಾವುದು’ ಎಂದು ಕೇಳುವುದೂ ಇದಕ್ಕೇ: ಯಾವ ಚಾನೆಲ್, ಎಷ್ಟು ಶಕ್ತಿ ಎಂಬುದನ್ನು ಆ ಉತ್ತರ ನೋಡಿ ನಿರ್ಧರಿಸುತ್ತದೆ.

ಸುಲಭದ ಪರಿಹಾರ ರೂಟರ್‌ನಲ್ಲೇ ಇದೆ. ದೇಶ ‘ಇಂಡಿಯಾ’ ಎಂದೇ ಇರಲಿ. ಚಾನೆಲ್ಲನ್ನು ಆಟೋದಿಂದ ತೆಗೆದು 1, 6 ಅಥವಾ 11ಕ್ಕೆ ಹಾಕಿ ಸೇವ್ ಮಾಡಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ, ಎಲ್ಲ ಕಡೆಯ ಸಾಧನಗಳಿಗೂ ಕಾಣುತ್ತವೆ. ಬಂದ ನೆಂಟರ ಫೋನಿಗೂ ತೊಂದರೆಯಿಲ್ಲ.

ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್ ಇದ್ದರೆ ಅದನ್ನೂ ಪರೀಕ್ಷಿಸಬಹುದು:

```
iw reg get
iw list | grep 2472
sudo iw reg set IN
```

ಮೊದಲನೆಯದು ಈಗಿನ ದೇಶ ತೋರಿಸುತ್ತದೆ. ಎರಡನೆಯದು 13ನೇ ಚಾನೆಲ್‌ನ ನಡುಬಿಂದುವಾದ 2472ರ ಸಾಲನ್ನು ತೋರಿಸುತ್ತದೆ. ಆ ಸಾಲಿನ ಕೊನೆಯಲ್ಲಿ `disabled` ಎಂದಿದ್ದರೆ 13 ಮುಚ್ಚಿದೆ. `no IR` ಎಂದಿದ್ದರೆ ಲ್ಯಾಪ್‌ಟಾಪ್ ಅಲ್ಲಿ ಕೇಳಿಸಿಕೊಳ್ಳಬಹುದು, ತಾನಾಗಿ ಮೊದಲು ಸಿಗ್ನಲ್ ಕಳಿಸುವಂತಿಲ್ಲ. ದೇಶ `00` ಎಂದು, ಅಂದರೆ ಗೊತ್ತಿಲ್ಲ ಎಂದು, ಇದ್ದಾಗ ಹೀಗಾಗುವುದು ಜಾಸ್ತಿ. ಮೂರನೆಯದು ಭಾರತಕ್ಕೆ ಬದಲಿಸುತ್ತದೆ. ಆಮೇಲೆ ಎರಡನೆಯ ಕಮಾಂಡನ್ನು ಮತ್ತೆ ಕೊಟ್ಟು ನೋಡಿ.

ಬದಲಾಗದಿದ್ದರೆ? `iw reg get` ಉತ್ತರದಲ್ಲಿ `self-managed` ಎಂಬ ಪದ ಹುಡುಕಿ. ಅಂಥ ವೈಫೈ ಕಾರ್ಡ್‌ಗಳು ದೇಶವನ್ನು ತಾವೇ ನಿರ್ಧರಿಸುತ್ತವೆ, ನಿಮ್ಮ ಮಾತು ಕೇಳುವುದಿಲ್ಲ. ಎಷ್ಟೋ ರೂಟರ್‌ಗಳು ತಮ್ಮ ಸಿಗ್ನಲ್‌ನಲ್ಲೇ ದೇಶದ ಕೋಡನ್ನೂ ಸಾರುತ್ತಿರುತ್ತವೆ. ಕೆಲವು ಕಾರ್ಡ್‌ಗಳು ಅದನ್ನು ಕೇಳಿಸಿಕೊಂಡೇ ದೇಶ ಗುರುತಿಸುತ್ತವೆ. ನಿಮ್ಮ ರೂಟರ್‌ಗೆ ಸುಮ್ನೆ ಬೇರೆ ದೇಶ ಹಾಕಿದರೆ ಅಕ್ಕಪಕ್ಕದ ಇಂಥ ಲ್ಯಾಪ್‌ಟಾಪ್‌ಗಳಿಗೂ ತಪ್ಪು ಮಾಹಿತಿ ಹೋಗುತ್ತದೆ. ಕಾರ್ಖಾನೆಯಲ್ಲೇ ಕೋಡ್ ಬೀಗ ಹಾಕಿದ ಕಾರ್ಡ್ ಆದರೆ ಚಾನೆಲ್ 1, 6, 11 ಬಿಟ್ಟರೆ 5 ಗಿಗಾಹರ್ಟ್ಸ್‌ನಲ್ಲಿ 36ನ್ನು ಪ್ರಯತ್ನಿಸಿ. ಅದು ಎರಡೂ ದೇಶಗಳಲ್ಲಿ ನಡೆಯುತ್ತದೆ.