ಹಾದಿ೯ಕ ಶುಭಾಷಯ ಗಳು: ದೀಪಾವಳಿ ಸಂದೇಶದ ಕರಡು ತಿದ್ದಿದ ನನ್ನ ಅನುಭವ

ಭೂಮಿ ಹುಣ್ಣಿಮೆ ಕಳೆಯುತ್ತಿದ್ದಂತೆ ಶಿವಮೊಗ್ಗದ ಡಿಟಿಪಿ ಅಂಗಡಿಗಳಿಗೆ ದೀಪಾವಳಿ ಶುಭಾಶಯದ ಕರಡು ಬರಲು ಶುರುವಾಗುತ್ತದೆ. ಅಡಿಕೆ ಬೆಳೆಗಾರರ ಸೊಸೈಟಿಯೊಂದರಿಂದ ಬಂದದ್ದನ್ನು ಬಂದ ಹಾಗೇ ಇಲ್ಲಿ ಕೊಡುತ್ತೇನೆ. ಸದಸ್ಯರು ಸುಮಾರು 1,400, ಎಲ್ಲರಿಗೂ ವಾಟ್ಸಾಪಿನಲ್ಲಿ ಚಿತ್ರ ಹೋಗಬೇಕು, ಜೊತೆಗೆ 500 ಕಾರ್ಡು ಅಚ್ಚಾಗಬೇಕು.

"ಸಮಸ್ತ ಸದಸ್ಯರಿಗೆ ಬಲಿಪಾಡ್ಯಮಿ ಹಾಗೂ ದೀಪಾವಳಿ ಹಬ್ಬದ ಹಾದಿ೯ಕ ಶುಭಾಷಯ ಗಳು. ಶ್ರೀ ಮಹಾಲಕ್ಷ್ಮಿಯ ಕ್ರಪೆಯಿಂದ ತಮ್ಮ ಕುಟು೦ಬಕ್ಕೆ ಸುಖ, ಶಾಂತಿ,ಸಮೃದ್ದಿ ಲಭಿಸಲಿ. ಹಿರಿಯರ ಆರ್ಶೀವಾದ ಸದಾ ಇರಲಿ."

ಇದರಲ್ಲಿ ಎಂಟು ತಪ್ಪಿವೆ. ಮೂರು ಜನ ಓದಿ "ಸರಿ ಇದೆ" ಎಂದು ಸಹಿ ಹಾಕಿದ್ದ ಕರಡು ಇದು. "ನಾಲ್ಕು ಸಾಲು ಮಾರಾಯ್ರೆ, ಇದಕ್ಕೆ ಅರ್ಧ ಗಂಟೆ ಯಾಕೆ?" ಎಂದು ಕಾರ್ಯದರ್ಶಿಗಳು ಕೇಳಿದರು. ಹಿಂದಿನ ವರ್ಷ ಇದೇ ಥರದ ಕೆಲಸದಲ್ಲಿ 500 ಕಾರ್ಡು ರದ್ದಿಗೆ ಹೋಗಿ, ಕಾಗದ ಮತ್ತು ಮುದ್ರಣ ಸೇರಿ ನಾಲ್ಕೂವರೆ ಸಾವಿರದ ಹತ್ತಿರ ಕೈಯಿಂದ ಹಾಕಬೇಕಾಗಿತ್ತು. ಆ ಲೆಕ್ಕ ಹೇಳಿದ ಮೇಲೆ ಅರ್ಧ ಗಂಟೆ ಸಿಕ್ಕಿತು.

ಮೊದಲ ಕೆಲಸ ಕಣ್ಣಿನದಲ್ಲ, ಹುಡುಕುವ ಕಿಟಕಿಯದು. ಮೇಲಿನ ಎಂಟರಲ್ಲಿ ಎರಡು ತಪ್ಪು ಎಷ್ಟು ದಿಟ್ಟಿಸಿದರೂ ಕಾಣುವುದಿಲ್ಲ. "ಹಾದಿ೯ಕ" ಎಂಬಲ್ಲಿ ಅರ್ಕಾವತ್ತಿನ ಜಾಗದಲ್ಲಿ ಕೂತಿರುವುದು ಕನ್ನಡ ಅಂಕಿ ಒಂಬತ್ತು. "ಕುಟು೦ಬ"ದಲ್ಲಿ ಅನುಸ್ವಾರದ ಬದಲು ಅಂಕಿ ಸೊನ್ನೆ ಇದೆ. ಫೋನಿನ ಕೀಲಿಮಣೆಯಲ್ಲಿ ಅರ್ಕಾವತ್ತು ಎಲ್ಲಿದೆ ಎಂದು ಸಿಗದವರು ಅದೇ ಆಕಾರದ ೯ ಒತ್ತಿಬಿಡುತ್ತಾರೆ. ನೋಟಕ್ಕೆ ಒಂದೇ. ಆದರೆ ಫಾಂಟ್ ಬದಲಿಸಿದ ಕೂಡಲೇ ೯ ಅಕ್ಷರದಷ್ಟೇ ದಪ್ಪವಾಗಿ ನಿಂತು ಪದ ಒಡೆದಂತೆ ಕಾಣುತ್ತದೆ. ಹಾಗಾಗಿ ಕರಡನ್ನು ಲಿಬ್ರೆಆಫೀಸ್ ರೈಟರ್‌ಗೆ ಅಂಟಿಸಿ, ಹುಡುಕು-ಬದಲಿಸು ಕಿಟಕಿಯಲ್ಲಿ Regular expressions ಗುರುತು ಹಾಕಿ ಇದನ್ನು ಕೊಡುತ್ತೇನೆ:

```
[\u0C85-\u0CCC][\u0CE6\u0CEF]
```

ಅಕ್ಷರಕ್ಕೆ ಅಂಟಿಕೊಂಡಿರುವ ೦ ಮತ್ತು ೯ ಮಾತ್ರ ಇದಕ್ಕೆ ಸಿಗುತ್ತವೆ. ೨೦೨೪ ಎಂದು ಇಸವಿ ಬರೆದಿದ್ದರೆ ಅದರ ಸೊನ್ನೆ ಅಂಕಿಯ ಪಕ್ಕದಲ್ಲಿರುವುದರಿಂದ ಅದನ್ನು ಮುಟ್ಟುವುದಿಲ್ಲ. ಈ ಎಚ್ಚರ ದುಡ್ಡು ಕೊಟ್ಟು ಕಲಿತದ್ದು. ರದ್ದಿಯಾದ ಆ 500 ಕಾರ್ಡಿನಲ್ಲಿ ಎಲ್ಲ ೦ಗಳನ್ನೂ ಒಂದೇ ಏಟಿಗೆ ಅನುಸ್ವಾರ ಮಾಡಲಾಗಿತ್ತು. ಇಸವಿ ೨ಂ೨೪ ಆಯಿತು, ಪರದೆಯ ಮೇಲೆ ಯಾರಿಗೂ ಗೊತ್ತಾಗಲಿಲ್ಲ, ಅಚ್ಚಿನಲ್ಲಿ ಸೊನ್ನೆ ಕುಗ್ಗಿ ಪಕ್ಕಕ್ಕೆ ಸರಿದು ನಿಂತಿತ್ತು.

೯ರ ವಿಷಯ ಇನ್ನೂ ಸೂಕ್ಷ್ಮ. ಅದನ್ನು ನೇರವಾಗಿ "ರ್" ಎಂದು ಬದಲಿಸಿದರೆ "ಹಾದಿರ್ಕ" ಆಗುತ್ತದೆ. ಅರ್ಕಾವತ್ತು ಕಾಣುವುದು ಅಕ್ಷರದ ಬಲಗಡೆ, ಆದರೆ ಉಚ್ಚಾರದಲ್ಲೂ ಯುನಿಕೋಡಿನಲ್ಲೂ ಅದು ಅಕ್ಷರಕ್ಕಿಂತ ಮೊದಲು. ಹಾ, ರ್, ದಿ, ಕ ಎಂಬುದು ಅದರ ಸಾಲು. ಆದ್ದರಿಂದ ಹಿಂದಿನ ಅಕ್ಷರವನ್ನು ಅದರ ಒತ್ತು, ಗುಣಿತ ಸಮೇತ ಹಿಡಿದು, ರ್ ಅನ್ನು ಅದಕ್ಕಿಂತ ಮೊದಲು ತರಬೇಕು. ಮೊದಲ ಸಾಲು ಹುಡುಕುವುದಕ್ಕೆ, ಎರಡನೆಯದು ಬದಲಿಸುವುದಕ್ಕೆ:

```
([\u0C95-\u0CB9](?:\u0CCD[\u0C95-\u0CB9])*[\u0CBE-\u0CCC]?)\u0CEF
ರ್$1
```

ಹಾದಿ೯ಕ, ಕಾಯ೯, ಆಶೀವಾ೯ದ ಮೂರೂ ಇದರಿಂದ ಸರಿಯಾಗುತ್ತವೆ. ಆದರೂ ಎಲ್ಲವನ್ನೂ ಒಟ್ಟಿಗೆ ಬದಲಿಸದೆ ಒಂದೊಂದಾಗಿ ನೋಡಿ ಒತ್ತುವುದೇ ವಾಸಿ.

ಇದರ ನಡುವೆ ಬೇರೊಂದು ಪ್ರಯೋಗವೂ ಆಯಿತು. ಸಂದೇಶವನ್ನು ಫೋನಿನಿಂದಲೇ ಗಟ್ಟಿಯಾಗಿ ಓದಿಸಿ ಕೇಳುವುದು. ೯ ಬಂದಲ್ಲಿ ಅದು "ಒಂಬತ್ತು" ಎಂದುಬಿಡುತ್ತದೆ, ಕಂಪ್ಯೂಟರ್ ಇಲ್ಲದವರಿಗೆ ಅಷ್ಟರಮಟ್ಟಿಗೆ ಉಪಯೋಗ. ಶ, ಷ ವ್ಯತ್ಯಾಸ ಮಾತ್ರ ಅದರ ಬಾಯಲ್ಲಿ ಕೇಳಿಸುವುದಿಲ್ಲ, ಹಾಗಾಗಿ ಬಿಟ್ಟೆ.

ಉಳಿದ ಪದಗಳು ಕಣ್ಣಿನ ಕೆಲಸ. ಮುಂದಿನಿಂದ ಓದಿದರೆ ಮನಸ್ಸು ವಾಕ್ಯವನ್ನು ತಾನೇ ತುಂಬಿಕೊಂಡು ಓಡುತ್ತದೆ. ಕರಡನ್ನು ಕಾಗದಕ್ಕೆ ತೆಗೆದು, ಕೊನೆಯ ಪದದಿಂದ ಹಿಂದಕ್ಕೆ, ಒಂದು ಪದ ಮಾತ್ರ ಕಾಣುವಂತೆ ರಟ್ಟಿನ ಚೂರು ಸರಿಸುತ್ತ ಅಕ್ಷರ ಬಿಡಿಸಿ ಓದುತ್ತೇನೆ. ಹೀಗೆ ಮೊದಲು ಸಿಕ್ಕಿಬಿದ್ದದ್ದು "ಆರ್ಶೀವಾದ". ಬಿಡಿಸಿ ಓದಿದರೆ ಆ, ರ್ಶೀ, ವಾ, ದ. ನಾವು ಹೇಳುವುದು ಆ, ಶೀ, ರ್ವಾ, ದ. ಆಶೀರ್ ಮತ್ತು ವಾದ ಸೇರಿ ಆದ ಪದ, ರ್ ಬರಬೇಕಾದ್ದು ವಾ ಮೇಲೆ. ಶುಭಾಶಯದ ಕಾರ್ಡುಗಳಲ್ಲಿ ನಾನು ಕಂಡ ಅರ್ಕಾವತ್ತಿನ ತಪ್ಪುಗಳಲ್ಲಿ ಹೆಚ್ಚಿನದು ಇದೇ.

"ಶುಭಾಷಯ" ಎಂಬುದಕ್ಕೆ ಸಂಧಿ ಬಿಡಿಸಿದರೆ ಸಾಕು. ಶುಭ ಮತ್ತು ಆಶಯ. ಆಶಯಕ್ಕೆ ಶ, ಅಲ್ಲಿಗೆ ಮುಗಿಯಿತು. ಷ ಬಂದದ್ದು ಭಾಷೆ, ಭಾಷಣ ಬರೆದು ಪಳಗಿದ ಕೈಯಿಂದ. "ಭಾ" ಆದ ಕೂಡಲೇ ಬೆರಳು ತಾನಾಗಿ ಷ ಕಡೆ ಹೋಗುತ್ತದೆ.

"ಸಮೃದ್ದಿ"ಯಲ್ಲಿ ಒತ್ತು ಧ ಆಗಬೇಕು: ಸಮೃದ್ಧಿ. ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡುವಾಗ ಎರಡನೇ ಅಕ್ಷರಕ್ಕೆ ಶಿಫ್ಟ್ ಒತ್ತದಿದ್ದರೆ ಮಹಾಪ್ರಾಣ ಬೀಳುವುದಿಲ್ಲ. ತೊಂದರೆ ಏನೆಂದರೆ ದ್ದ ಮತ್ತು ದ್ಧ ನಡುವೆ ಇರುವ ಭೇದ ಒತ್ತಿನ ಬುಡದಲ್ಲಿ ಒಂದು ಸಣ್ಣ ಸೀಳು ಅಷ್ಟೆ. 100 ಶೇಕಡಾ ನೋಟದಲ್ಲಿ ಅದು ಮಸಿಯ ಚುಕ್ಕೆಯಂತೆ ಮುಚ್ಚಿಹೋಗಿರುತ್ತದೆ. 300ಕ್ಕೆ ಹಿಗ್ಗಿಸಿ ನೋಡಿದರೆ ಮಾತ್ರ ಸೀಳು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ವೃದ್ಧಿ, ಸಿದ್ಧಿ, ಶ್ರದ್ಧೆ ಎಲ್ಲಕ್ಕೂ ಇದೇ ಪರೀಕ್ಷೆ. ವಿಳಾಸದ "ತೀರ್ಥಹಳ್ಳಿ"ಯನ್ನೂ ಇದೇ ಹೊತ್ತಿನಲ್ಲಿ ಹಿಗ್ಗಿಸಿ ನೋಡಬೇಕು. ಥ ಹೊಟ್ಟೆಯಲ್ಲಿ ಚುಕ್ಕಿ ಇಲ್ಲದಿದ್ದರೆ ಅದು ತೀರ್ಧಹಳ್ಳಿ. ಅತ್ತ "ಹಾರ್ದಿಕ" ಹೃದಯದ ನಂಟಿನ ಪದ, ಅಲ್ಲಿ ಸೀಳು ಕಂಡರೆ ಅದೇ ತಪ್ಪು.

"ಕ್ರಪೆ"ಯಲ್ಲಿ ವಟ್ರಸುಳಿ ಬರಬೇಕಾದಲ್ಲಿ ರ ಒತ್ತು ಬಂದಿದೆ. ಇದನ್ನು ಕಾಗುಣಿತ ಪರೀಕ್ಷಕ ಹಿಡಿಯುತ್ತದೆ ಎಂದು ನಂಬಿ ಕೂರಬಾರದು. ಕ್ರಪೆ ಎಂಬ ಪದವಿಲ್ಲ, ಹಾಗಾಗಿ ಕೆಂಪು ಗೆರೆ ಬೀಳಬಹುದು. ಆದರೆ ಗೃಹ ಬರೆಯುವಲ್ಲಿ ಗ್ರಹ ಬಂದರೆ ಎರಡೂ ನಿಜವಾದ ಪದಗಳೇ. ದೀಪಾವಳಿಗೆ "ಗ್ರಹಲಕ್ಷ್ಮಿ" ಎಂದು ಅಚ್ಚಾದದ್ದನ್ನು ಕಂಡಿದ್ದೇನೆ. ಇಂಥ ಜೋಡಿಪದಗಳ ಪಟ್ಟಿ ಈಗ ನೂರ ಎಪ್ಪತ್ತರ ಆಸುಪಾಸು ಬೆಳೆದಿದೆ. ಅದು ನನ್ನ ಅನ್ನದ ಪಟ್ಟಿ, ಪೂರ್ತಿ ಕೊಡಲಾರೆ.

ಜಾಗದ ತಪ್ಪು ಎರಡು ಥರ. "ಶುಭಾಷಯ ಗಳು" ಎಂಬಲ್ಲಿ ಪ್ರತ್ಯಯ ಪದದಿಂದ ಕಿತ್ತುಬಂದಿದೆ. ಯಾರೋ ಕಾರ್ಡಿನ ಅಗಲಕ್ಕೆ ಸಾಲು ಮುರಿದಿದ್ದಾರೆ, ಆ ಪಠ್ಯ ನಕಲಾಗಿ ಬಂದಾಗ ಮುರಿದ ಜಾಗ ಖಾಲಿ ಜಾಗವಾಗಿ ಉಳಿದಿದೆ. ಗಳು, ಗಳ, ಗೆ, ರಿಗೂ, ದ, ಯ ಇವು ಪದದ ಆರಂಭದಲ್ಲಿ ಒಂಟಿಯಾಗಿ ನಿಂತಿವೆಯೇ ಎಂದು ಹುಡುಕಿದರೆ ಬಹುಪಾಲು ಸಿಗುತ್ತವೆ. ಇನ್ನೊಂದು, "ಶಾಂತಿ,ಸಮೃದ್ದಿ"ಯಲ್ಲಿ ಅಲ್ಪವಿರಾಮದ ನಂತರ ಜಾಗ ಇಲ್ಲ. ಇದು ಸಣ್ಣದೆನಿಸಬಹುದು, ಆದರೆ ಎರಡು ಪದ ಒಂದೇ ಪದವೆಂದು ಲೆಕ್ಕವಾಗಿ, ಸಾಲು ಒಡೆಯುವಾಗ ಎರಡೂ ಒಟ್ಟಿಗೆ ಕೆಳಕ್ಕೆ ಜಾರಿ ಮೇಲಿನ ಸಾಲಿನಲ್ಲಿ ದೊಡ್ಡ ಗುಂಡಿ ಬೀಳುತ್ತದೆ. ಬಲಿಪಾಡ್ಯಮಿ, ಗೋಪೂಜೆ ಇವನ್ನು ಕೂಡಿಸಿಯೇ ಬರೆಯಬೇಕು. ಕಾರ್ಡಿನ ಕೆಳಗಿನ "ಶುಭ ಕೋರುವವರು" ಎರಡು ಪದ ಮಾಡುತ್ತೇನೆ, ಕೂಡಿಸಿ ಬರೆಯುವವರಿದ್ದರೆ ಎಲ್ಲ ಕಡೆ ಕೂಡಿಸಲಿ.

ಇಷ್ಟಾದ ಮೇಲೆ ಪಠ್ಯ ಶುದ್ಧವಾಯಿತು, ಆದರೆ ಅರ್ಧ ಕೆಲಸ ಮಾತ್ರ ಮುಗಿದದ್ದು. ವಿನ್ಯಾಸಕ ಹುಡುಗ ಅದನ್ನು ಕೋರೆಲ್‌ಗೆ ತರುವಾಗ ನುಡಿಯ ಹಳೆಯ ಆಸ್ಕಿ ಅಕ್ಷರಕ್ಕೆ ಪರಿವರ್ತಿಸುತ್ತಾನೆ, ಏಕೆಂದರೆ ಚಂದದ ಫಾಂಟುಗಳಲ್ಲಿ ಅನೇಕವು ಅದರಲ್ಲೇ ಇವೆ. ಅಲ್ಲಿ "ಕನ್ನಡ" ಎಂಬುದು `PÀ£ÀßqÀ` ಎಂದು ಕೂತಿರುತ್ತದೆ. ಅಂದರೆ ಕ ಅಕ್ಷರದ ಒಡಲು ಒಂದು ತುಂಡು, ತಲೆಕಟ್ಟು ಇನ್ನೊಂದು ತುಂಡು. ಸಾಲು ತುಂಬಲೆಂದು ಅಕ್ಷರಗಳ ನಡುವಿನ ಅಂತರ ಸ್ವಲ್ಪ ಎಳೆದರೂ ತಲೆಕಟ್ಟು ಒಡಲಿನಿಂದ ಬಿಟ್ಟು ನಿಲ್ಲುತ್ತದೆ. ಒತ್ತು ಪಕ್ಕದ ಅಕ್ಷರದ ಕೆಳಗೆ ಹೋಗುತ್ತದೆ. "ರಾಜ್‌ಕುಮಾರ್" ಥರದ ಹೆಸರಿನಲ್ಲಿ ಒತ್ತಾಗದಂತೆ ತಡೆದಿದ್ದ ಕಾಣದ ಅಕ್ಷರ ಪರಿವರ್ತನೆಯಲ್ಲಿ ಎಷ್ಟೋ ಸಲ ಕಳಚಿ "ರಾಜ್ಕುಮಾರ್" ಆಗುತ್ತದೆ. ಯುನಿಕೋಡನ್ನೇ ಹಳೆಯ ಫೋಟೋಶಾಪಿಗೆ ಅಂಟಿಸಿದರೆ, ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಹಾಕದಿದ್ದಲ್ಲಿ ಹಬ್ಬ "ಹಬ್‌ಬ" ಆಗಿ ಕೂರುತ್ತದೆ.

"ಅಣ್ಣಾ, ಮೊನ್ನೆಯೇ ನೋಡಿ ಕೊಟ್ಟಿದೀರಲ್ಲ" ಎಂದ ಹುಡುಗ. ಮೊನ್ನೆ ನೋಡಿದ್ದು ಪಠ್ಯ, ಜನ ನೋಡುವುದು ಚಿತ್ರ. ಅವನು ಚಿತ್ರ ಕೊಟ್ಟ ಮೇಲೆ ಅದನ್ನು ವಾಟ್ಸಾಪಿನಲ್ಲಿ ಇನ್ನೊಂದು ಫೋನಿಗೆ ಕಳಿಸಿ, ಆ ಫೋನಿನಲ್ಲೇ ಓದುತ್ತೇನೆ. ವಾಟ್ಸಾಪು ಚಿತ್ರವನ್ನು ಹಿಂಡಿ ಕಳಿಸುವುದರಿಂದ ಸಣ್ಣ ಒತ್ತುಗಳು ಮಬ್ಬಾಗುತ್ತವೆ. ಕೈಯಳತೆಯಲ್ಲಿ ಹಿಡಿದು, ಹಿಗ್ಗಿಸದೆ, ಲಕ್ಷ್ಮಿಯ ಷ ಒತ್ತು ಮ ಒತ್ತು ಎರಡೂ ಬೇರೆಬೇರೆಯಾಗಿ ಕಾಣಬೇಕು. ಈ ಸೊಸೈಟಿಯ ಚಿತ್ರದಲ್ಲಿ ಕಾಣಲಿಲ್ಲ. ಅಕ್ಷರ ಸುಮಾರು ಐದನೇ ಒಂದು ಭಾಗ ದೊಡ್ಡದು ಮಾಡಿ, "ಲಭಿಸಲಿ" ತೆಗೆದು "ಸಿಗಲಿ" ಹಾಕಿ ಜಾಗ ಹೊಂದಿಸಿದೆವು.

ಎಸ್ಸೆಮ್ಮೆಸ್ ಮಾಡಿ ನೋಡಿದವರಿಗೆ ಬೇರೆಯೇ ಲೆಕ್ಕವಿದೆ. ಕನ್ನಡದಲ್ಲಿ ಒಂದು ಸಂದೇಶಕ್ಕೆ 70 ಚಿಹ್ನೆ, ಒತ್ತು ಗುಣಿತ ಎಲ್ಲವೂ ಒಂದೊಂದು ಚಿಹ್ನೆ. "ಹಾರ್ದಿಕ" ಒಂದಕ್ಕೇ ಏಳು. "ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು" ಎಂಬುದು ಜಾಗ ಸೇರಿ 31, ಸಂಘದ ಹೆಸರು ಊರು ಹಾಕಲು 39 ಉಳಿಯುತ್ತದೆ. 71 ಆದರೆ ಎರಡು ಸಂದೇಶದ ದುಡ್ಡು. ಸಗಟು ಸಂದೇಶಕ್ಕೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ಮಾದರಿ ನೋಂದಾಯಿಸಬೇಕಿರುವುದರಿಂದ, "ಶುಭಾಷಯ" ಎಂದು ಒಪ್ಪಿಗೆ ಪಡೆದರೆ ಕಳಿಸುವಾಗಲೂ ಅದೇ ಹೋಗಬೇಕು. ತಿದ್ದಿದರೆ ಮಾದರಿಗೆ ಹೊಂದದೆ ಸಂದೇಶ ಅಲ್ಲೇ ನಿಲ್ಲುತ್ತದೆ, ಮತ್ತೆ ಒಪ್ಪಿಗೆಗೆ ಕಾಯಬೇಕು. ಅಲ್ಲಿ ತಿದ್ದುಪಡಿ ನೋಂದಣಿಗೆ ಮುಂಚೆಯೇ ಆಗಬೇಕು.

ಕಳಿಸುವ ಹಂತದಲ್ಲಿ 1,400 ಜನಕ್ಕೆ ಆರು ಬ್ರಾಡ್‌ಕಾಸ್ಟ್ ಪಟ್ಟಿ ಬೇಕಾಯಿತು, ಒಂದು ಪಟ್ಟಿಗೆ 256ರ ಮಿತಿ ಇದೆ. ಮೊದಲು ನಿರ್ದೇಶಕರು ಮತ್ತು ಸಿಬ್ಬಂದಿ ಇರುವ ಹದಿನೈದು ಜನರ ಸಣ್ಣ ಪಟ್ಟಿಗೆ ಕಳಿಸಿ, ಪ್ರತಿಯೊಬ್ಬರೂ ತಮ್ಮ ಹೆಸರನ್ನು ಮಾತ್ರ ನೋಡಿ ಹೇಳಲಿ ಎಂದು ಕೇಳಿಕೊಂಡೆವು. ಬರೀ ಪಠ್ಯವಾದರೆ ಕಳಿಸಿದ ಹದಿನೈದು ನಿಮಿಷದೊಳಗೆ ತಿದ್ದಬಹುದು, ಚಿತ್ರದೊಳಗಿನ ಅಕ್ಷರವನ್ನು ತಿದ್ದಲಾಗದು. ಇಬ್ಬರು ಉತ್ತರ ಕೊಟ್ಟರು. ಒಬ್ಬರ ಇನಿಷಿಯಲ್ಲಿನ ಚುಕ್ಕಿ ಬಿಟ್ಟಿತ್ತು, ಇನ್ನೊಬ್ಬರ ಹೆಸರಿನ ಕೊನೆಯ ಪ್ಪ, ಪ ಆಗಿತ್ತು. ಅವೆರಡನ್ನು ತಿದ್ದಿ, ಹೊಸ ಚಿತ್ರಕ್ಕೆ ಬೇರೆ ಹೆಸರು ಕೊಟ್ಟು, ಹಳೆಯದನ್ನು ಫೋನಿನಿಂದಲೂ ಕಂಪ್ಯೂಟರಿನಿಂದಲೂ ಅಳಿಸಿದ ಮೇಲೆಯೇ ಆರು ಪಟ್ಟಿಗೂ ಕಳಿಸಿದ್ದು. ನರಕ ಚತುರ್ದಶಿಯ ಬೆಳಗ್ಗೆ ಕಾರ್ಯದರ್ಶಿಗಳು ಸಂಕ್ರಾಂತಿಯ ಕರಡನ್ನೂ ಈಗಲೇ ಕೊಡಲೇ ಎಂದು ಕೇಳಿದರು.