ಮಾಲೀಕರಿಗೆ ಕೊಟ್ಟ ಆರನೆಯ ತಿಂಗಳ ವರದಿ

ಏಳು ಅಂತಸ್ತಿನ ಹಾಸ್ಟೆಲ್ ಕಟ್ಟಡವೊಂದರ ಮೇಲ್ವಿಚಾರಣೆ ನನ್ನ ಪಾಲಿಗೆ ಬಂದಿತ್ತು. ಗುತ್ತಿಗೆಯ ಮೊತ್ತ 12 ಕೋಟಿ ರೂಪಾಯಿ, ಅವಧಿ 15 ತಿಂಗಳು. ಮಾಸಿಕ ವರದಿಯಲ್ಲಿ ಫೋಟೋಗಳೂ ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಪರೀಕ್ಷೆಯ ಫಲಿತಾಂಶಗಳೂ ಎಷ್ಟೇ ಇದ್ದರೂ ಮಾಲೀಕರು ಓದುವುದು ಮೊದಲ ಪುಟವನ್ನು ಮಾತ್ರ. ಆದ್ದರಿಂದ ನನ್ನ ಶ್ರಮವೆಲ್ಲ ಆ ಪುಟದ ಮೇಲೆಯೇ.

ಆರನೆಯ ತಿಂಗಳ ಕೊನೆಗೆ ಯೋಜನೆಯಂತೆ 4.80 ಕೋಟಿಯ, ಅಂದರೆ ಶೇ. 40ರಷ್ಟು ಕೆಲಸ ಆಗಿರಬೇಕಿತ್ತು. ಅಲ್ಲಿಯವರೆಗೆ ಪಾವತಿಯಾದ ಬಿಲ್ಲುಗಳ ಮೊತ್ತ 4.56 ಕೋಟಿ. ಇದನ್ನೇ ಪ್ರಗತಿಯೆಂದು ಬರೆದಿದ್ದರೆ ಶೇ. 2ರಷ್ಟೇ ಹಿಂದೆ ಇದ್ದೇವೆ ಎನಿಸುತ್ತಿತ್ತು. ಆದರೆ ಅದರಲ್ಲಿ 60 ಲಕ್ಷ, ಸೈಟಿನಲ್ಲಿ ರಾಶಿ ಬಿದ್ದಿದ್ದ ಕಂಬಿ ಮತ್ತು ಟೈಲ್ಸ್‌ಗೆ ಕೊಟ್ಟ ಮುಂಗಡವಾಗಿತ್ತು. ಅಳತೆ ಪುಸ್ತಕದ ಪ್ರಕಾರ ಕಟ್ಟಡಕ್ಕೆ ಸೇರಿದ್ದ ಕೆಲಸ 3.96 ಕೋಟಿಯದು, ಶೇ. 33. ನಾನು ಈ ಎರಡು ಅಂಕಿಗಳನ್ನು ಬೇರೆ ಬೇರೆ ಸಾಲುಗಳಲ್ಲಿಯೇ ತೋರಿಸುತ್ತೇನೆ.

ಮುಕ್ತಾಯದ ಅಂದಾಜಿಗೆ ಸುಲಭದ ಸೂತ್ರವೊಂದಿದೆ: 3.96ನ್ನು 4.80ರಿಂದ ಭಾಗಿಸಿದರೆ 0.825; 15 ತಿಂಗಳನ್ನು ಅದರಿಂದ ಭಾಗಿಸಿದರೆ ಸುಮಾರು 18 ತಿಂಗಳು. ಇದು ಎಚ್ಚರಿಕೆಯ ಗಂಟೆಯಾಗಬಲ್ಲದೇ ಹೊರತು ತಾರೀಖನ್ನು ಹೇಳಲಾರದು, ಏಕೆಂದರೆ ಹಣದ ಲೆಕ್ಕಕ್ಕೆ ಯಾವ ಕೆಲಸ ಯಾವುದನ್ನು ತಡೆದು ನಿಲ್ಲಿಸಿದೆ ಎಂಬುದು ಗೊತ್ತಿರುವುದಿಲ್ಲ. ಇಲ್ಲಿ ತಡೆದಿದ್ದದ್ದು ಸ್ಲ್ಯಾಬು. ಯೋಜನೆಯಲ್ಲಿ ಸ್ಲ್ಯಾಬಿನಿಂದ ಸ್ಲ್ಯಾಬಿಗೆ 20 ದಿನವಿದ್ದರೆ, ವಾಸ್ತವದಲ್ಲಿ 28 ದಿನ ಹಿಡಿಯುತ್ತಿತ್ತು. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456ರಂತೆ 6 ಮೀಟರಿಗಿಂತ ಉದ್ದದ ತೊಲೆಗಳ ಕೆಳಗಿನ ಆಸರೆಗಳನ್ನು 21 ದಿನ ತೆಗೆಯುವಂತಿಲ್ಲ. ಗುತ್ತಿಗೆದಾರರು ಸೆಂಟ್ರಿಂಗ್, ಅಂದರೆ ಈ ಆಸರೆ ಮತ್ತು ಅಚ್ಚುಗಳು, ಎರಡು ಸೆಟ್ ಎಂದು ಲೆಕ್ಕ ಹಿಡಿದು, ತಂದದ್ದು ಒಂದೇ ಸೆಟ್; ಅದನ್ನು ಬಿಚ್ಚುವವರೆಗೆ ಮುಂದಿನ ಸ್ಲ್ಯಾಬು ಕಾಯಬೇಕಿತ್ತು. ಮುಗಿದ ಮೂರು ಸ್ಲ್ಯಾಬುಗಳಲ್ಲಿ 24 ದಿನ ಹೋಗಿತ್ತು. ಹೀಗೆಯೇ ಮುಂದುವರಿದರೆ ಉಳಿದ ನಾಲ್ಕರಲ್ಲಿ ಇನ್ನೂ 32 ದಿನ, ಒಟ್ಟು 56 ದಿನ. ಹಾಗಾಗಿ ಮುಕ್ತಾಯವನ್ನು ಸುಮಾರು 17 ತಿಂಗಳೆಂದೂ, ಎರಡನೆಯ ಸೆಟ್ ಕೂಡಲೇ ಬಂದರೆ 24 ದಿನಗಳ ವಿಳಂಬ ಮಾತ್ರ ಉಳಿಯುವುದೆಂದೂ ಒಂದರ ಕೆಳಗೊಂದು ಬರೆದೆ.

ನಗದು ಹರಿವಿಗೂ ಇದೇ ಗಂಟು ಬಿದ್ದಿತ್ತು. ಮಾಲೀಕರ ಬ್ಯಾಂಕು ಸಾಲದ ಕಂತನ್ನು ಸ್ಲ್ಯಾಬು ಬಿದ್ದ ಮೇಲೆಯೇ ಬಿಡುಗಡೆ ಮಾಡುತ್ತಿತ್ತು, ಲಿಫ್ಟ್ ಕಂಪನಿಗೆ ಕೊಡಬೇಕಾದ ಹಣಕ್ಕೋ ತಾರೀಖು ನಿಗದಿಯಾಗಿತ್ತು. ಸ್ಲ್ಯಾಬುಗಳು ಹಿಂದೆ ಸರಿದಂತೆ ಬರುವ ಹಣವಷ್ಟೇ ಹಿಂದೆ ಸರಿದು, ಒಂಬತ್ತನೆಯ ತಿಂಗಳಲ್ಲಿ 95 ಲಕ್ಷದ ಖರ್ಚಿಗೆ 60 ಲಕ್ಷ ಮಾತ್ರ ಕೈಯಲ್ಲಿರುವ ಸ್ಥಿತಿ ಕಾಣಿಸಿತು. ವಿಳಂಬವನ್ನು ಸಮಾಧಾನದಿಂದ ಓದಿದ್ದ ಮಾಲೀಕರು ಈ 35 ಲಕ್ಷದ ಕೊರತೆಯನ್ನು ಕಂಡು, “ಆ ಸೆಟ್ ಯಾವತ್ತು ಬರುತ್ತೆ, ಮೊದಲು ಅದನ್ನ ಹೇಳಿ ಸಾರ್” ಎಂದರು.

ಹಿಂದಿನ ತಿಂಗಳುಗಳಲ್ಲಿ ಹೇಳಿದ ಮುಕ್ತಾಯದ ತಾರೀಖುಗಳನ್ನೂ ಹೊಸದರ ಪಕ್ಕದಲ್ಲಿ ಅಳಿಸದೆ ಉಳಿಸುತ್ತೇನೆ. ಪ್ರತಿ ತಿಂಗಳೂ ತಾರೀಖು ಒಂದೊಂದು ತಿಂಗಳು ಮುಂದೆ ಹೋಗುತ್ತಿದ್ದರೆ, ಅದು ಆ ಸಾಲಿನಲ್ಲಿಯೇ ಎದ್ದು ಕಾಣುತ್ತದೆ.